ಇಪ್ಪತ್ತೈದು ಕಿಲೋಮೀಟರ್ ಆಳದ ಬಾವಿ

ತೆರೆದ ಬಾವಿಯ ಆಳ ತಿಳಿಯಬೇಕು, ಕೈಯಲ್ಲಿ ಹಗ್ಗವಿಲ್ಲ. ಆಗ ಯಾರಾದರೂ ಮಾಡುವ ಕೆಲಸ ಒಂದೇ: ಒಂದು ಕಲ್ಲು ಎತ್ತಿ ಒಳಗೆ ಬಿಟ್ಟು, ‘ಗುಳುಂ’ ಎನ್ನುವ ಸದ್ದಿಗೆ ಕಿವಿಗೊಟ್ಟು ನಿಲ್ಲುವುದು. ಕಲ್ಲು ಕೈಬಿಟ್ಟ ಕ್ಷಣದಿಂದ ಸದ್ದು ಕೇಳಿಸುವ ತನಕ ಎಷ್ಟು ಸೆಕೆಂಡಾಯಿತು ಎಂಬುದು ಗೊತ್ತಾದರೆ, ನೀರು ಎಷ್ಟು ಕೆಳಗಿದೆ ಎಂದು ಹೇಳಬಹುದು.

ಈ ಸಮಯದಲ್ಲಿ ಎರಡು ಪಾಲಿವೆ. ಕಲ್ಲು ಕೆಳಗೆ ಬೀಳಲು ಒಂದಿಷ್ಟು, ಸದ್ದು ಮೇಲೆ ಬರಲು ಒಂದಿಷ್ಟು. ಗಾಳಿಯ ತಡೆಯನ್ನು ಬಿಟ್ಟುಬಿಟ್ಟರೆ, ಮೇಲಿನಿಂದ ಬಿಟ್ಟ ಕಲ್ಲು t ಸೆಕೆಂಡಿನಲ್ಲಿ ಸುಮಾರು 5t² ಮೀಟರ್ ಬೀಳುತ್ತದೆ. ಹಾಗಾಗಿ d ಮೀಟರ್ ಬೀಳಲು ಅದಕ್ಕೆ √(d/5) ಸೆಕೆಂಡು ಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಅದು ಮೇಲೆ ಬರಲು d/340 ಸೆಕೆಂಡು. ಈಗ ಪ್ರಶ್ನೆ: ಕಲ್ಲು ಬಿಟ್ಟ 3 ಸೆಕೆಂಡಿನೊಳಗೆ ಸದ್ದು ಕೇಳಿಸಿತು ಎಂದರೆ ನೀರು ಹೆಚ್ಚೆಂದರೆ ಎಷ್ಟು ಆಳದಲ್ಲಿರಬಹುದು? ಗಣಿತದಲ್ಲಿ ಬರೆದರೆ,

√(d/5) + d/340 < 3

ವರ್ಗಮೂಲದ ಚಿಹ್ನೆ ಇರುವಾಗ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. ಅದನ್ನು ಕಳಚಲು ಶಾಲೆಯಲ್ಲಿ ಕಲಿಸಿದ ಉಪಾಯ ಎಲ್ಲರಿಗೂ ನೆನಪಿರುತ್ತದೆ: ಮೂಲವನ್ನು ಒಂದು ಕಡೆ ಉಳಿಸಿ, ಮಿಕ್ಕದ್ದನ್ನು ಇನ್ನೊಂದು ಕಡೆಗೆ ದಾಟಿಸಿ, ಎರಡೂ ಕಡೆ ವರ್ಗ ಮಾಡು. ಹಾಗೇ ಮಾಡೋಣ.

√(d/5) < 3 − d/340

d/5 < (3 − d/340)²

ಬಿಡಿಸಿ, ಛೇದಗಳನ್ನು ತೆಗೆದು ಒಪ್ಪ ಮಾಡಿದರೆ

d² − 25160d + 1040400 > 0

ಎಡಗಡೆಯ ರಾಶಿ ಸೊನ್ನೆಯಾಗುವುದು d ಸುಮಾರು 41.4 ಆದಾಗ ಮತ್ತು ಸುಮಾರು 25118.6 ಆದಾಗ. ಇವೆರಡರ ನಡುವೆ ಅದು ಋಣ, ಹೊರಗೆ ಧನ. ಆದ್ದರಿಂದ ಉತ್ತರ: d < 41.4 ಅಥವಾ d > 25118.6.

ಮೊದಲ ಭಾಗದಲ್ಲಿ ತಕರಾರಿಲ್ಲ. 3 ಸೆಕೆಂಡಿನೊಳಗೆ ಸದ್ದು ಬಂದರೆ ನೀರು 41.4 ಮೀಟರಿಗಿಂತ, ಅಂದರೆ ಹೆಚ್ಚುಕಡಿಮೆ 136 ಅಡಿಗಿಂತ ಮೇಲಿದೆ. ಎರಡನೆಯ ಭಾಗ ಮಾತ್ರ ವಿಚಿತ್ರ. ಬಾವಿ 25 ಕಿಲೋಮೀಟರಿಗಿಂತ ಆಳವಾಗಿದ್ದರೂ 3 ಸೆಕೆಂಡಿನಲ್ಲಿ ಸದ್ದು ಬರುತ್ತದೆಯಂತೆ! ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಕೊರೆದ ಪ್ರಸಿದ್ಧ ರಂಧ್ರವೇ 12,262 ಮೀಟರಿಗೆ ನಿಂತಿತು. ನಮ್ಮ ಲೆಕ್ಕ ಅದರ ಎರಡು ಪಟ್ಟು ಆಳದ ಬಾವಿಗೂ ಹೂಂ ಎನ್ನುತ್ತಿದೆ.

ಕೂಡಿದ್ದು, ಕಳೆದದ್ದು, ಗುಣಿಸಿದ್ದು ಯಾವುದರಲ್ಲೂ ತಪ್ಪಿಲ್ಲ. ಬೇಕಾದರೆ ಮತ್ತೊಮ್ಮೆ ಮಾಡಿ ನೋಡಬಹುದು. ಎಡವಟ್ಟಾದದ್ದು ಎಲ್ಲಿ ಎಂದು ಹಿಡಿಯಲು 26,000 ಮೀಟರ್ ಎಂಬ ಆಳವನ್ನು ಒಂದೊಂದು ಸಾಲಿಗೂ ಹಾಕಿ ನೋಡಬೇಕು. ವರ್ಗ ಮಾಡುವ ಮೊದಲಿನ ಸಾಲಿನಲ್ಲಿ ಎಡಗಡೆ √5200, ಅಂದರೆ ಸುಮಾರು 72.1. ಬಲಗಡೆ 3 − 76.5, ಅಂದರೆ ಸುಮಾರು −73.5. 72.1 ಎಂಬುದು −73.5ಕ್ಕಿಂತ ಚಿಕ್ಕದಲ್ಲ, ಹಾಗಾಗಿ ಆ ಸಾಲು ಸುಳ್ಳು. ವರ್ಗ ಮಾಡಿದ ನಂತರದ ಸಾಲಿನಲ್ಲಿ ಎಡಗಡೆ 5200, ಬಲಗಡೆ ಸುಮಾರು 5398. ಈಗ ಸಾಲು ನಿಜ! ಒಂದು ಸುಳ್ಳು ಮಾತು ವರ್ಗವಾದ ಕೂಡಲೇ ನಿಜವಾಗಿ ಕೂತಿದೆ. −73.5ರ ಹಿಂದಿದ್ದ ಋಣ ಚಿಹ್ನೆ ವರ್ಗ ಮಾಡುವಾಗ ಅಳಿಸಿಹೋದದ್ದೇ ಇದಕ್ಕೆ ಕಾರಣ.

ಇದನ್ನು ಚಿಕ್ಕ ಸಂಖ್ಯೆಗಳಲ್ಲೂ ನೋಡಬಹುದು. 3 ಎಂಬುದು −5ಕ್ಕಿಂತ ದೊಡ್ಡದು. ವರ್ಗ ಮಾಡಿದರೆ 9 ಎಂಬುದು 25ಕ್ಕಿಂತ ಚಿಕ್ಕದು. ಚಿಹ್ನೆಯ ದಿಕ್ಕೇ ತಿರುಗಿತು. ಆದರೆ 3 ಮತ್ತು −2 ತೆಗೆದುಕೊಂಡರೆ ದಿಕ್ಕು ತಿರುಗುವುದಿಲ್ಲ: 9 ಎಂಬುದು 4ಕ್ಕಿಂತ ದೊಡ್ಡದೇ. ಅಂದರೆ ವರ್ಗ ಮಾಡಿದಾಗ ‘ಇವೆರಡರಲ್ಲಿ ಯಾವುದು ದೊಡ್ಡದು’ ಎಂಬ ಪ್ರಶ್ನೆ ಸದ್ದಿಲ್ಲದೆ ಬದಲಾಗಿ, ‘ಚಿಹ್ನೆ ಬಿಟ್ಟು ನೋಡಿದರೆ ಯಾವುದರ ಗಾತ್ರ ದೊಡ್ಡದು’ ಎಂದಾಗುತ್ತದೆ. ಎರಡೂ ಕಡೆ ಸೊನ್ನೆ ಅಥವಾ ಧನ ಸಂಖ್ಯೆ ಇದ್ದಾಗ ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಒಂದು ಕಡೆ ಋಣ ಬಂತೆಂದರೆ ಒಂದೇ ಆಗಿರಬೇಕೆಂದೇನೂ ಇಲ್ಲ.

ಮೂಲದ ಕಡೆಯಿಂದ ಈ ತೊಂದರೆ ಬರುವುದಿಲ್ಲ. √ ಎಂಬ ಚಿಹ್ನೆ 1525ರಲ್ಲಿ ಜರ್ಮನ್ ಭಾಷೆಯ ಕ್ರಿಸ್ಟಾಫ್ ರುಡೋಲ್ಫನ ಬೀಜಗಣಿತದ ಪುಸ್ತಕದಲ್ಲಿ ಅಚ್ಚಾಯಿತು. ಇಂದಿನ ಒಪ್ಪಂದದ ಪ್ರಕಾರ ಅದು ಋಣವಲ್ಲದ ಮೂಲವನ್ನು ಮಾತ್ರ ಸೂಚಿಸುತ್ತದೆ. x² = 9 ಎಂಬ ಸಮೀಕರಣಕ್ಕೆ 3 ಮತ್ತು −3 ಎರಡೂ ಉತ್ತರ; ಆದರೆ √9 ಎಂದರೆ 3 ಅಷ್ಟೇ. ಪಿಯುಸಿ ಮಕ್ಕಳಲ್ಲಿ ಬಹಳ ಮಂದಿ √9 = ±3 ಎಂದು ಬರೆಯುತ್ತಾರೆ, ಮುಂದಿನ ಗೊಂದಲವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಆದ್ದರಿಂದ ಕಣ್ಣಿಡಬೇಕಾದದ್ದು ಮೂಲವಿಲ್ಲದ ಕಡೆಗೆ.

ಬಾವಿಯ ಲೆಕ್ಕದಲ್ಲಿ ಆ ಕಡೆ ಇದ್ದದ್ದು 3 − d/340. ಅದು ಧನವಾಗಿರಬೇಕಾದರೆ d ಎಂಬುದು 1020ಕ್ಕಿಂತ ಕಡಿಮೆ ಇರಬೇಕು. ಈ ಷರತ್ತಿಗೆ ಅರ್ಥವೂ ಇದೆ: 3 ಸೆಕೆಂಡಿನಲ್ಲಿ ಸದ್ದು ಸಾಗುವುದೇ 1020 ಮೀಟರ್, ಅದಕ್ಕಿಂತ ಆಳವಾದರೆ ಕಲ್ಲು ಬೀಳುವುದಿರಲಿ, ಸದ್ದು ಮೇಲೆ ಬರುವಷ್ಟರಲ್ಲೇ ಸಮಯ ಮುಗಿದಿರುತ್ತದೆ. ವರ್ಗ ಮಾಡುವ ಮೊದಲೇ d < 1020 ಎಂದು ಪಕ್ಕದಲ್ಲಿ ಬರೆದುಕೊಂಡಿದ್ದರೆ 25 ಕಿಲೋಮೀಟರಿನ ಬಾವಿ ಹುಟ್ಟುತ್ತಲೇ ಇರಲಿಲ್ಲ.

ಇಂಥ ಹುಸಿ ಉತ್ತರದ ಜತೆ ಏನು ಮಾಡಬೇಕು ಎಂಬ ಪ್ರಶ್ನೆ ಹಳೆಯದು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಕೋತಿಗಳ ಒಂದು ಲೆಕ್ಕವಿದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಬಂದದ್ದನ್ನು ವರ್ಗ ಮಾಡಿದರೆ ಎಷ್ಟಾಗುತ್ತದೋ ಅಷ್ಟು ಕೋತಿಗಳು ಗುಹೆ ಹೊಕ್ಕವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಒಟ್ಟು ಕೋತಿಗಳು x ಆದರೆ

(x/5 − 3)² + 1 = x

ಇದನ್ನು ಬಿಡಿಸಿದರೆ x² − 55x + 250 = 0 ಬಂದು, x = 50 ಅಥವಾ x = 5 ಎಂದು ಎರಡು ಬೆಲೆ ಸಿಗುತ್ತವೆ. ಐವತ್ತು ಸರಿಹೋಗುತ್ತದೆ: ಐದನೇ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಕೊಂಬೆಯದ್ದು ಸೇರಿ 50. ಐದನ್ನು ಹಾಕಿದರೆ ಐದನೇ ಒಂದು ಭಾಗ 1, ಮೂರು ಕಳೆದರೆ −2, ವರ್ಗ 4, ಕೊಂಬೆಯದ್ದು ಸೇರಿ 5. ಅಂಕಿಗಳು ಇಲ್ಲೂ ಕೂಡಿಬರುತ್ತವೆ! ಆದರೂ ಭಾಸ್ಕರರು ಎರಡನೆಯ ಬೆಲೆಯನ್ನು ಒಪ್ಪುವುದಿಲ್ಲ. ಒಂದು ಕೋತಿಯಲ್ಲಿ ಮೂರು ಕೋತಿ ಕಳೆಯುವುದು ಹೊಂದುವ ಮಾತಲ್ಲ, ಇಲ್ಲದ ಋಣ ರಾಶಿಯನ್ನು ಜನ ನಂಬುವುದಿಲ್ಲ ಎಂಬ ಅರ್ಥದಲ್ಲಿ ಅದನ್ನು ಬಿಡುತ್ತಾರೆ. ಅದೇ ಗ್ರಂಥದಲ್ಲಿ ಅವರು ಇನ್ನೆರಡು ಮಾತುಗಳನ್ನೂ ಹೇಳಿದ್ದಾರೆ. ಧನ ಸಂಖ್ಯೆಗೆ ವರ್ಗಮೂಲಗಳು ಎರಡು, ಒಂದು ಧನ, ಒಂದು ಋಣ; ಋಣ ಸಂಖ್ಯೆಗೆ ವರ್ಗಮೂಲವಿಲ್ಲ, ಏಕೆಂದರೆ ಅದು ಯಾವುದರ ವರ್ಗವೂ ಅಲ್ಲ. ನಮ್ಮ ಈ ವಿಷಯದ ಬೇರುಗಳೆಲ್ಲ ಹೆಚ್ಚುಕಡಿಮೆ ಈ ಎರಡು ಮಾತಿನಲ್ಲಿವೆ.

ಕೋತಿ ಲೆಕ್ಕವನ್ನು ಇಂದಿನವರಂತೆ √(x − 1) = x/5 − 3 ಎಂದು ಬರೆದು ನೋಡಿ. 50 ಹಾಕಿದರೆ ಎರಡೂ ಕಡೆ 7. 5 ಹಾಕಿದರೆ ಎಡಗಡೆ 2, ಬಲಗಡೆ −2. ಭಾಸ್ಕರರು ಅರ್ಥ ನೋಡಿ ಬಿಟ್ಟದ್ದನ್ನು ಈಗ √ ಚಿಹ್ನೆಯೇ ಹೊರಗೆ ಹಾಕುತ್ತದೆ.

ಸಮೀಕರಣದಲ್ಲಿ ಹುಸಿ ಮೂಲವನ್ನು ಹಿಡಿಯುವುದು ಸುಲಭ. ಕೈಯಲ್ಲಿರುವುದು ಎರಡೋ ಮೂರೋ ಬೆಲೆ. ಒಂದೊಂದನ್ನೂ ಮೊದಲ ಸಾಲಿಗೆ ಹಾಕಿ ತಾಳೆ ನೋಡಿ, ಹೊಂದದ್ದನ್ನು ಹೊಡೆದುಹಾಕಿದರೆ ಆಯಿತು. ಆ ಅಭ್ಯಾಸದಲ್ಲೇ ಅಸಮತೆಗೆ ಬಂದವರು ಎಡವುತ್ತಾರೆ. ಅಸಮತೆಯ ಉತ್ತರ ಒಂದು ಇಡೀ ಹರವು, ಅದರಲ್ಲಿರುವ ಎಲ್ಲ ಸಂಖ್ಯೆಗಳನ್ನೂ ಹಾಕಿ ನೋಡಲಾಗದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಸಮತೆಯಲ್ಲಿ ವರ್ಗ ಮಾಡಿದಾಗ ಸುಳ್ಳು ಉತ್ತರ ಒಳಗೆ ಬರುವುದಷ್ಟೇ ಅಲ್ಲ, ನಿಜವಾದ ಉತ್ತರ ಕಳೆದುಹೋಗಲೂಬಹುದು. ಕಳೆದುಹೋದದ್ದು ನಮ್ಮ ಪಟ್ಟಿಯಲ್ಲೇ ಇರುವುದಿಲ್ಲವಾದ್ದರಿಂದ ತಾಳೆ ನೋಡಿದರೂ ಸಿಗುವುದಿಲ್ಲ.

ಇದು ಹೇಗೆಂದು ನೋಡಲು ಅಂಕಿ ನೇರವಾಗಿರುವ ಒಂದು ಉದಾಹರಣೆ ತೆಗೆದುಕೊಳ್ಳೋಣ.

√(x + 7) > x + 1

ಯೋಚಿಸದೆ ವರ್ಗ ಮಾಡಿದರೆ x + 7 > x² + 2x + 1, ಅಂದರೆ x² + x − 6 < 0. ಅಪವರ್ತಿಸಿದರೆ (x + 3)(x − 2) < 0. ಉತ್ತರ −3 < x < 2 ಎಂದು ಬರೆದು ಕೆಳಗೆ ಗೆರೆ ಎಳೆದವರು ಎಷ್ಟೋ ಜನ. ಒಳಗಿನ ಒಂದೆರಡು ಬೆಲೆ ಹಾಕಿ ಪರೀಕ್ಷಿಸಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. 0 ಹಾಕಿದರೆ √7 ಎಂಬುದು 1ಕ್ಕಿಂತ ದೊಡ್ಡದು, ನಿಜ. ಈಗ ಹೊರಗಿನ ಒಂದು ಬೆಲೆ, −5 ಹಾಕಿ. ಎಡಗಡೆ √2, ಬಲಗಡೆ −4. √2 ದೊಡ್ಡದು ಎಂದು ಹೇಳಲು ಲೆಕ್ಕವೇ ಬೇಡ. −5 ಕೂಡ ಉತ್ತರವೇ, ಆದರೆ ನಮ್ಮ ಪಟ್ಟಿಯಲ್ಲಿ ಅದಿಲ್ಲ. ವರ್ಗ ಮಾಡಿದ ಸಾಲು ‘2 ಎಂಬುದು 16ಕ್ಕಿಂತ ದೊಡ್ಡದೇ?’ ಎಂದು ಕೇಳಿ, ಅಲ್ಲ ಎಂದು ಅದನ್ನು ಕಳಿಸಿಬಿಟ್ಟಿದೆ.

ಸರಿಯಾದ ದಾರಿಯಲ್ಲಿ ಬಲಗಡೆಯ x + 1 ಋಣವೋ ಅಲ್ಲವೋ ಎಂದು ಮೊದಲು ಕೇಳಬೇಕು. x ಎಂಬುದು −1ಕ್ಕಿಂತ ಕಡಿಮೆ ಇದ್ದರೆ ಬಲಗಡೆ ಋಣ. ಎಡಗಡೆ ಎಂದೂ ಋಣವಲ್ಲ. ಆದ್ದರಿಂದ ಮೂಲಕ್ಕೆ ಅರ್ಥವಿರುವ ತನಕ, ಅಂದರೆ x + 7 ಋಣವಾಗದ ತನಕ, ಅಸಮತೆ ತಾನಾಗಿಯೇ ನಿಜ. ಇದರಿಂದ −7 ≤ x < −1 ಎಂಬ ಇಡೀ ಹರವು ಉತ್ತರಕ್ಕೆ ಸೇರಿತು, ಇಲ್ಲಿ ವರ್ಗ ಮಾಡುವ ಪ್ರಮೇಯವೇ ಬರಲಿಲ್ಲ. x ಎಂಬುದು −1 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎರಡೂ ಕಡೆ ಋಣವಲ್ಲ, ಧೈರ್ಯವಾಗಿ ವರ್ಗ ಮಾಡಬಹುದು. ಹಿಂದೆ ಬಂದ −3 < x < 2 ಇಲ್ಲೂ ಬರುತ್ತದೆ, ಅದರಲ್ಲಿ −1ರಿಂದ ಮೇಲಿನ ಭಾಗ ಮಾತ್ರ ನಮ್ಮದು: −1 ≤ x < 2. ಎರಡು ತುಂಡನ್ನೂ ಜೋಡಿಸಿದರೆ

−7 ≤ x < 2

ಚಿಹ್ನೆಯನ್ನು ತಿರುಗಿಸಿ √(x + 7) < x + 1 ಎಂದು ಕೇಳಿದರೆ ಕಥೆಯೂ ತಿರುಗುತ್ತದೆ. ಬಾವಿಯಲ್ಲಿ ಆದದ್ದೇ ಇಲ್ಲೂ: ಏನೂ ಕಳೆಯುವುದಿಲ್ಲ, ಬೇಡದ್ದು ಸೇರಿಕೊಳ್ಳುತ್ತದೆ. ವರ್ಗ ಮಾಡಿದರೆ x < −3 ಅಥವಾ x > 2 ಬರುತ್ತದೆ. ಆದರೆ −6 ಹಾಕಿದರೆ 1 ಎಂಬುದು −5ಕ್ಕಿಂತ ಚಿಕ್ಕದು ಎಂದಾಗುತ್ತದೆ. ಋಣವಲ್ಲದ ಮೂಲಕ್ಕಿಂತ ದೊಡ್ಡದಾಗಿರಬೇಕಾದ x + 1 ಧನವಾಗಿಯೇ ಇರಬೇಕು, ಹಾಗಾಗಿ x < −3 ಭಾಗ ಪೂರ್ತಿ ಬಿದ್ದುಹೋಗಿ x > 2 ಉಳಿಯುತ್ತದೆ. ನೆನಪಿಟ್ಟುಕೊಳ್ಳಲು ಇಷ್ಟು ಸಾಕು: ಮೂಲ ದೊಡ್ಡದು ಎಂದು ಕೇಳುವಾಗ ಉತ್ತರ ಕಳೆದುಕೊಳ್ಳುವ ಭಯ, ಮೂಲ ಚಿಕ್ಕದು ಎಂದು ಕೇಳುವಾಗ ಸುಳ್ಳು ಉತ್ತರ ಸೇರುವ ಭಯ.

−3 ಎಲ್ಲಿಂದ ಬಂತು ಎಂಬುದನ್ನು ಗ್ರಾಫ್ ಹಾಳೆ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. y = √(x + 7) ಎಂಬ ರೇಖೆ −7ರ ಹತ್ತಿರ ಅಡ್ಡ ಅಕ್ಷದಿಂದ ಹೊರಟು, ಬಲಕ್ಕೆ ನಿಧಾನವಾಗಿ ಏರುತ್ತದೆ. ಅಡ್ಡಲಾಗಿ ಮಲಗಿದ ಪರವಲಯದ ಮೇಲಿನ ಅರ್ಧ ಅದು. ವರ್ಗ ಮಾಡಿದಾಗ y² = x + 7 ಆಗುತ್ತದೆ, ಆಗ ಕೆಳಗಿನ ಅರ್ಧವೂ ಹಾಳೆಯ ಮೇಲೆ ಬಂದುಬಿಡುತ್ತದೆ. y = x + 1 ಎಂಬ ನೇರ ಗೆರೆ ಮೇಲಿನ ಅರ್ಧವನ್ನು x = 2ರಲ್ಲಿ, 3ರ ಎತ್ತರದಲ್ಲಿ ದಾಟುತ್ತದೆ; ಕೆಳಗಿನ ಅರ್ಧವನ್ನು x = −3ರಲ್ಲಿ, −2ರ ಮಟ್ಟದಲ್ಲಿ ದಾಟುತ್ತದೆ. ನಾವು ಕೇಳಿದ್ದು ಗೆರೆ ಮೇಲಿನ ಅರ್ಧಕ್ಕಿಂತ ಕೆಳಗಿರುವುದು ಎಲ್ಲೆಲ್ಲಿ ಎಂದು. ವರ್ಗ ಮಾಡಿದ ಅಸಮತೆ ಹೇಳಿದ್ದು ಗೆರೆ ಎರಡು ಅರ್ಧಗಳ ನಡುವೆ ಇರುವುದು ಎಲ್ಲೆಲ್ಲಿ ಎಂದು. −7ರಿಂದ −3ರ ತನಕ ಗೆರೆ ಕೆಳಗಿನ ಅರ್ಧಕ್ಕಿಂತಲೂ ಕೆಳಗಿದೆ. ಆದ್ದರಿಂದ ಅದು ನಮ್ಮ ಪ್ರಶ್ನೆಗೆ ಉತ್ತರ, ವರ್ಗದ ಪ್ರಶ್ನೆಗೆ ಅಲ್ಲ. ಹುಸಿ ಮೂಲ ಎಂಬುದು ಎಲ್ಲಿಂದಲೋ ಉದುರಿದ್ದಲ್ಲ; −√(x + 7) = x + 1 ಎಂಬ ಪಕ್ಕದ ಮನೆಯ ಸಮೀಕರಣಕ್ಕೆ ಅದು ಅಪ್ಪಟ ಉತ್ತರ.

ಇನ್ನು ಡೊಮೇನ್ ಮಾತು. x ಯಾವ ಯಾವ ಬೆಲೆ ತೆಗೆದುಕೊಂಡರೆ ಬರೆದ ಸಾಲಿಗೆ ಅರ್ಥವಿರುತ್ತದೆ ಎಂಬುದೇ ಡೊಮೇನ್. ಮೂಲದೊಳಗಿನದು ಋಣವಾಗಬಾರದು ಎಂಬ ಷರತ್ತು √ ಚಿಹ್ನೆಯ ಜತೆಗೇ ಬರುತ್ತದೆ, ವರ್ಗ ಮಾಡಿ ಚಿಹ್ನೆ ಅಳಿಸಿದಾಗ ಷರತ್ತೂ ಕಣ್ಣಿಂದ ಮರೆಯಾಗುತ್ತದೆ. √(x − 4) < √(10 − x) ನೋಡಿ. ಎರಡೂ ಕಡೆ ಮೂಲವೇ ಇರುವುದರಿಂದ ವರ್ಗ ಮಾಡಲು ಅಡ್ಡಿಯಿಲ್ಲ, x < 7 ಬರುತ್ತದೆ. ಆದರೆ 0 ಕೂಡ 7ಕ್ಕಿಂತ ಚಿಕ್ಕದೇ, ಅಲ್ಲಿ √(−4) ಎಂಬ ಅರ್ಥವಿಲ್ಲದ ರಾಶಿ ಎದುರಾಗುತ್ತದೆ. ಡೊಮೇನ್ 4ರಿಂದ 10ರ ತನಕ. ಉತ್ತರ 4 ≤ x < 7.

ಕೆಲವು ಕಡೆ ಡೊಮೇನ್ ಪುಕ್ಕಟೆಯಾಗಿ ಸಿಗುತ್ತದೆ ಎಂಬುದನ್ನು ಗೈಡುಗಳು ಹೇಳುವುದು ಕಡಿಮೆ. x + 7 > (x + 1)² ಎಂಬ ಸಾಲು ನಿಜವಾದರೆ x + 7 ಒಂದು ವರ್ಗಕ್ಕಿಂತ ದೊಡ್ಡದು, ಅಂದಮೇಲೆ ಅದು ಋಣವಾಗಲು ಸಾಧ್ಯವೇ ಇಲ್ಲ. ಅಲ್ಲಿ ಬೇರೆಯಾಗಿ x ≥ −7 ಎಂದು ಬರೆಯದಿದ್ದರೂ ನಡೆಯುತ್ತದೆ. ಆದರೆ ಬಲಗಡೆ ಋಣವಿದ್ದ ತುಂಡಿನಲ್ಲಿ ಉತ್ತರವನ್ನು ಎಡಬದಿಯಲ್ಲಿ ತಡೆದು ನಿಲ್ಲಿಸಿದ್ದು ಡೊಮೇನ್ ಒಂದೇ. ಅದನ್ನು ಮರೆತರೆ x < 2 ಎಂಬ, ಕೊನೆಯೇ ಇಲ್ಲದ ಉತ್ತರ ಬರುತ್ತಿತ್ತು.

ತುಂಡು ಮಾಡಿ ಬಿಡಿಸುವುದು ಬೇಸರವೆನಿಸುವವರಿಗೆ ಇನ್ನೊಂದು ದಾರಿ ಇದೆ, ನನಗಂತೂ ಅದೇ ಹೆಚ್ಚು ಇಷ್ಟ. ಮೊದಲು ಡೊಮೇನ್ ಬರೆದುಕೊಂಡು, ಅಸಮತೆಯ ಜಾಗದಲ್ಲಿ ಸಮಚಿಹ್ನೆ ಹಾಕಿ ಸಮೀಕರಣ ಬಿಡಿಸುವುದು. ನಮ್ಮ ಉದಾಹರಣೆಯಲ್ಲಿ ಡೊಮೇನ್ −7ರಿಂದ ಬಲಕ್ಕೆ, ಮೂಲಗಳು 2 ಮತ್ತು −3. ಈ ಬಿಂದುಗಳನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಿದರೆ ಮೂರು ಹರವುಗಳಾಗುತ್ತವೆ. ಒಂದೊಂದರಿಂದ ಒಂದು ಬೆಲೆ ಆರಿಸಿ, ವರ್ಗ ಮಾಡದ ಮೊದಲ ಸಾಲಿಗೇ ಹಾಕಬೇಕು. −6 ಹಾಕಿದರೆ 1 > −5, ನಿಜ. 0 ಹಾಕಿದರೆ √7 > 1, ನಿಜ. 9 ಹಾಕಿದರೆ 4 > 10, ಸುಳ್ಳು. ಇನ್ನು ತುದಿಗಳು: −7ರಲ್ಲಿ 0 > −6, ಸೇರುತ್ತದೆ, −3ರಲ್ಲಿ 2 > −2, ಅದೂ ಸೇರುತ್ತದೆ, 2ರಲ್ಲಿ ಎರಡೂ ಕಡೆ 3, ಸಮ ಮಾತ್ರ ಆದ್ದರಿಂದ ಸೇರುವುದಿಲ್ಲ. ಅದೇ ಉತ್ತರ, −7 ≤ x < 2.

ಈ ದಾರಿಯಲ್ಲಿ ಹುಸಿ ಮೂಲ ಉಪದ್ರವ ಕೊಡುವುದಿಲ್ಲ. −3ರ ಎಡಕ್ಕೂ ಬಲಕ್ಕೂ ಒಂದೇ ಫಲಿತಾಂಶ ಬಂದಾಗಲೇ ಅಲ್ಲಿ ನಿಜವಾದ ದಾಟು ಇಲ್ಲ ಎಂದು ಗೊತ್ತಾಗುತ್ತದೆ. ಒಂದು ಹರವಿಗೆ ಒಂದೇ ಬೆಲೆ ಸಾಕಾಗುವುದು ಏಕೆಂದರೆ, ಡೊಮೇನಿನ ಒಳಗೆ ಎರಡೂ ರೇಖೆಗಳು ಎಲ್ಲೂ ತುಂಡಾಗದೆ ಸಾಗುತ್ತವೆ. ಒಂದು ಇನ್ನೊಂದನ್ನು ಮುಟ್ಟದೆ ಮೇಲಿಂದ ಕೆಳಕ್ಕೆ ಹೋಗಲಾರದು. ಛೇದದಲ್ಲಿ x ಇರುವ ಲೆಕ್ಕದಲ್ಲಿ ಈ ಭರವಸೆ ನಿಲ್ಲುವುದಿಲ್ಲ. ಛೇದ ಸೊನ್ನೆಯಾಗುವ ಕಡೆ ರೇಖೆ ಹರಿದು, ಮುಟ್ಟದೆಯೇ ಆಚೆಗೆ ಹಾರಬಲ್ಲದು. ಹಾಗಾಗಿ ಅಂಥ ಬಿಂದುಗಳನ್ನೂ ಸಂಖ್ಯಾರೇಖೆಯ ಮೇಲೆ ಗುರುತು ಹಾಕಿಕೊಳ್ಳಬೇಕು.

ತುದಿಗಳನ್ನು ಬೇರೆಯಾಗಿ ನೋಡಬೇಕು ಎಂದದ್ದು ಬರಿಯ ಶಿಸ್ತಿನ ಮಾತಲ್ಲ. (x − 5)√(x − 2) ≥ 0 ಎಂಬ ಲೆಕ್ಕವನ್ನು ಬಹುಆಯ್ಕೆಯ ಪರೀಕ್ಷೆಗಳಿಗೆ ಓದುವವರು ಒಮ್ಮೆ ಬಿಡಿಸಿ ನೋಡಬೇಕು. ಮೂಲ ಹೇಗೂ ಋಣವಲ್ಲ, ಆದ್ದರಿಂದ ಅದನ್ನು ಭಾಗಿಸಿ ತೆಗೆದುಬಿಡೋಣ ಎಂದು ಕೈ ಓಡುತ್ತದೆ; x ≥ 5 ಎಂದು ಬರುತ್ತದೆ, ಅದು ಡೊಮೇನಿನ ಒಳಗೂ ಇದೆ. ಆದರೆ x = 2 ಆದಾಗ ಮೂಲ ಸೊನ್ನೆ, ಗುಣಲಬ್ಧವೂ ಸೊನ್ನೆ, ಸೊನ್ನೆ ಎಂಬುದು ಸೊನ್ನೆಗೆ ಸಮ. 2ರ ಬಲಕ್ಕೆ 5ರ ತನಕ ಅಸಮತೆ ಸುಳ್ಳು, ಎಡಕ್ಕೆ ಮೂಲಕ್ಕೇ ಅರ್ಥವಿಲ್ಲ, ನಡುವೆ 2 ಮಾತ್ರ ನಿಜ. ಸೊನ್ನೆಯಿಂದ ಭಾಗಿಸಿದ್ದೇವೆ ಎಂಬುದು ಗಮನಕ್ಕೆ ಬಾರದೆ ಅದು ಕೈತಪ್ಪಿತ್ತು. ಸರಿಯಾದ ಉತ್ತರ x = 2 ಅಥವಾ x ≥ 5.